ಕವರ್ಡ್ ಕಾಲ್ ಬೇರೆ, ಆಪ್ಷನ್ ಖರೀದಿ ಬೇರೆ

(ಬಳ್ಳಾರಿ ಗಾಂಧಿನಗರದ ಹಿರಿಯ ನಾಗರಿಕರ ತಿಂಗಳ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ್ರಿ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಮೈಕು ಹತ್ತಿರ ಹಿಡಿದು ಮಾತಾಡ್ತೀನಿ.

ಸಂಘದಿಂದ ಬಂದ ಪ್ರಶ್ನೆ ಹೀಗಿತ್ತು: "ಆಪ್ಷನ್ ಅಂದ್ರೆ ಜೂಜು ಅಂತ ಮಕ್ಕಳು ಬೈತಾರೆ. ಬ್ರೋಕರ್ ಆಫೀಸಿನವರು ಕವರ್ಡ್ ಕಾಲ್ ಮಾಡ್ರಿ, ತಿಂಗಳ ತಿಂಗಳ ದುಡ್ಡು ಬರ್ತದ ಅಂತಾರೆ. ಯಾರ ಮಾತು ಖರೆ?" ಇಬ್ಬರದೂ ಅರ್ಧ ಖರೆ. ಮಕ್ಕಳು ಹೇಳುವುದು ಆಪ್ಷನ್ ಕೊಳ್ಳುವವರ ಬಗ್ಗೆ. ಆಫೀಸಿನವರು ಹೇಳುವುದು ಷೇರು ಕೈಯಲ್ಲಿಟ್ಟುಕೊಂಡು ಆಪ್ಷನ್ ಮಾರುವವರ ಬಗ್ಗೆ, ಅದರಲ್ಲೂ ಒಳ್ಳೆಯ ಭಾಗವನ್ನಷ್ಟೇ.

ಸೈಟಿನ ವ್ಯವಹಾರ ನಿಮಗೆಲ್ಲ ಗೊತ್ತು. ನಿಮ್ಮ ಸೈಟನ್ನು ಒಂದು ತಿಂಗಳೊಳಗೆ ಇಂತಿಷ್ಟಕ್ಕೆ ಕೊಳ್ಳುವ ಹಕ್ಕು ನನಗಿರಲಿ ಅಂತ ಒಬ್ಬ ಬಂದು ಬಯಾನ ಕೊಡುತ್ತಾನೆ. ಕೊಂಡರೆ ನೀವು ಒಪ್ಪಿದ ಬೆಲೆಗೆ ಬರೆದುಕೊಡಬೇಕು, ಕೊಳ್ಳದಿದ್ದರೆ ಬಯಾನ ನಿಮ್ಮದೇ. ಷೇರಿನಲ್ಲಿ ಆ ಬಯಾನದ ಹೆಸರು ಪ್ರೀಮಿಯಂ, ಒಪ್ಪಿದ ಬೆಲೆಯ ಹೆಸರು ಸ್ಟ್ರೈಕ್, ಹಕ್ಕಿನ ಹೆಸರು ಕಾಲ್ ಆಪ್ಷನ್. ಷೇರಿನ ಮಾಲೀಕರಾಗಿ ಪ್ರೀಮಿಯಂ ಇಸಿದುಕೊಂಡರೆ ಅದು ಕವರ್ಡ್ ಕಾಲ್. ಬೆಲೆ ಏರುತ್ತದೆ ಅಂತ ಪ್ರೀಮಿಯಂ ಕೊಟ್ಟು ಹಕ್ಕು ಕೊಂಡರೆ ಅದು ಆಪ್ಷನ್ ಖರೀದಿ. ಕರಾರು ಒಂದೇ, ಕೂತ ಕಡೆ ಬೇರೆ.

ಈಗ ಲೆಕ್ಕ. ನಿಮ್ಮ ಹತ್ತಿರ ಒಂದು ಕಂಪನಿಯ 700 ಷೇರು ಇವೆ, ಬೆಲೆ 1,000 ರೂಪಾಯಿ, ಒಟ್ಟು 7 ಲಕ್ಷ ಅನ್ನಿ. ಆಪ್ಷನ್ ಬಿಡಿಯಾಗಿ ಸಿಗುವುದಿಲ್ಲ, ಕಟ್ಟಿನಲ್ಲಿ ನಡೆಯುತ್ತದೆ; ಆ ಕಟ್ಟಿನ ಹೆಸರು ಲಾಟ್, ಇಲ್ಲಿ ಅದೂ 700 ಷೇರಿನದು. ತಿಂಗಳ ಕೊನೆಗೆ ಮುಗಿಯುವ 1,050ರ ಕಾಲ್ 14 ರೂಪಾಯಿಗೆ ನಡೆಯುತ್ತಿದೆ. ನೀವು ಒಂದು ಲಾಟ್ ಮಾರಿದಿರಿ, 9,800 ರೂಪಾಯಿ ಬಂತು. ಇನ್ಯಾರೋ ಅದನ್ನೇ ಕೊಂಡರು, ಅವರ 9,800 ಹೋಯಿತು. ಬ್ರೋಕರೇಜು, ಎಸ್‌ಟಿಟಿ ಸದ್ಯಕ್ಕೆ ಪಕ್ಕಕ್ಕಿಡೋಣ.

ತಿಂಗಳ ಕೊನೆಗೆ ಷೇರು 1,020ಕ್ಕೆ ನಿಂತಿತು. ನಿಮ್ಮ ಷೇರು ನಿಮ್ಮಲ್ಲೇ ಉಳಿಯಿತು, 9,800 ಕೂಡ ನಿಮ್ಮದೇ. ಕೊಂಡವರನ್ನು ನೋಡ್ರಿ: ಅವರು ಏರುತ್ತದೆ ಅಂದಿದ್ದರು, 20 ರೂಪಾಯಿ ಏರಿತು ಕೂಡ. ಆದರೂ ಅವರ ಹಣ ಪೂರ್ತಿ ಹೋಯಿತು! ಯಾಕೆಂದರೆ ಬೆಲೆ 1,050 ದಾಟಬೇಕಿತ್ತು. 14 ರೂಪಾಯಿ ವಾಪಸ್ ಬರಬೇಕೆಂದರೆ 1,064 ಮುಟ್ಟಬೇಕಿತ್ತು, ಅದೂ ಆ ತಾರೀಕಿನೊಳಗೆ. ಆಪ್ಷನ್ ಕೊಳ್ಳುವವರು ಮೂರು ಸರಿಯಾಗಿ ಊಹಿಸಬೇಕು: ಯಾವ ಕಡೆ, ಎಷ್ಟು, ಯಾವಾಗ. ಷೇರು ಇಟ್ಟುಕೊಂಡವರು "ಯಾವಾಗ" ಅನ್ನುವುದರಲ್ಲಿ ತಪ್ಪಿದರೂ ಕಾಯಬಹುದು, ಆಪ್ಷನ್ ಕಾಯುವುದಿಲ್ಲ. ದಿನ ಕಳೆದಂತೆ ಅದರ ಬೆಲೆ ಕರಗುತ್ತದೆ, ಕೊನೆಯ ವಾರದಲ್ಲಿ ಇನ್ನೂ ಜೋರಾಗಿ. ಆ ಕರಗಿದ ಹಣ ಮಾರಿದವರ ಕಡೆ ಬರುತ್ತದೆ. ಕಂಪನಿಯ ಲಾಭ-ನಷ್ಟದ ಫಲಿತಾಂಶದ ಹಿಂದಿನ ದಿನ ಕೊಂಡವರಿಗೆ ಇನ್ನೊಂದು ಪೆಟ್ಟಿದೆ. ಗಾಬರಿಯಲ್ಲಿ ಉಬ್ಬಿದ್ದ ಪ್ರೀಮಿಯಂ ಫಲಿತಾಂಶ ಬಂದ ಕೂಡಲೇ ಇಳಿಯುತ್ತದೆ. ಷೇರು ಸ್ವಲ್ಪ ಏರಿದರೂ ಆಪ್ಷನ್ ಬೀಳಬಹುದು.

ಷೇರು 1,120 ಆಯಿತು ಅನ್ನಿ. ಕೊಂಡವರಿಗೆ ಪ್ರತಿ ಷೇರಿಗೆ 70ರಂತೆ 49,000, ಕೊಟ್ಟದ್ದು ಕಳೆದರೆ 39,200 ಲಾಭ. ನೀವು 1,050ಕ್ಕೆ ಷೇರು ಕೊಡಬೇಕು: 7,35,000 ಮತ್ತು 9,800, ಒಟ್ಟು 7,44,800. ಕಾಲ್ ಮಾರದಿದ್ದರೆ 7,84,000 ಇರುತ್ತಿತ್ತು. ಅದೇ 39,200 ನಿಮ್ಮ ಕೈತಪ್ಪಿದ್ದು. ನಷ್ಟವಲ್ಲ, ಬರಬಹುದಾಗಿದ್ದ ಲಾಭ. ಆದರೂ ಹೊಟ್ಟೆ ಉರಿಯುತ್ತದೆ, ಮೊದಲೇ ತಿಳಿದಿರಲಿ.

ಮೂರನೆಯದು, ಆಫೀಸಿನವರು ಹೇಳದೆ ಬಿಡುವುದು. ಷೇರು 880ಕ್ಕೆ ಬಿತ್ತು. ಕೊಂಡವರ ನಷ್ಟ 9,800, ಅಲ್ಲಿಗೆ ಮುಗಿಯಿತು. ನಿಮ್ಮ ಷೇರಿನ ಬೆಲೆಯಲ್ಲಿ 84,000 ಇಳಿಯಿತು, ಪ್ರೀಮಿಯಂ 9,800 ಬಂದಿತ್ತು, ನಿವ್ವಳ 74,200 ಕಡಿಮೆ. ಅಂದರೆ ಕವರ್ಡ್ ಕಾಲ್ ನಿಮ್ಮನ್ನು 1,000ದಿಂದ 986ರವರೆಗೆ ಮಾತ್ರ ಕಾಯುತ್ತದೆ, ಅದರ ಕೆಳಗಿನ ಇಳಿತವೆಲ್ಲ ನಿಮ್ಮದೇ. ಹಾಗಾಗಿ ಇದನ್ನು ಎಫ್‌ಡಿ ಬಡ್ಡಿ ಜೊತೆಗೋ ಹಿರಿಯ ನಾಗರಿಕರ ಉಳಿತಾಯ ಯೋಜನೆ ಜೊತೆಗೋ ಹೋಲಿಸಿದರೆ ತಪ್ಪು. ಹೋಲಿಸಬೇಕಾದ್ದು ಅದೇ ಷೇರನ್ನು ಸುಮ್ಮನೆ ಇಟ್ಟುಕೊಳ್ಳುವುದರ ಜೊತೆ. ಹೇಗೂ ಇಟ್ಟುಕೊಳ್ಳುವ ಷೇರಾದರೆ ಕವರ್ಡ್ ಕಾಲ್ ಅದರ ಅಪಾಯವನ್ನು ಕೊಂಚ ತಗ್ಗಿಸುತ್ತದೆ, ಲಾಭಕ್ಕೂ ಬೇಲಿ ಹಾಕುತ್ತದೆ. ಪ್ರೀಮಿಯಂ ಚೆನ್ನಾಗಿದೆ ಅಂತ ಹೊಸದಾಗಿ ಷೇರು ಕೊಂಡು ಕಾಲ್ ಮಾರಲು ಹೋಗಬೇಡಿ. ಪ್ರೀಮಿಯಂ ಜಾಸ್ತಿ ಇರುವುದೇ ಆ ಷೇರು ಜಾಸ್ತಿ ಕುಣಿಯುವುದರಿಂದ.

ಈ ವ್ಯವಹಾರದ ಒಟ್ಟು ಅಂಕಿಯೂ ಕೇಳಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ 2021-22ರಿಂದ 2023-24ರ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. 2024-25ರಲ್ಲಿ ಕೂಡ ನೂರಕ್ಕೆ 91 ಮಂದಿಗೆ ನಷ್ಟ. ಇದರಲ್ಲಿ ಕೊಂಡವರು, ಮಾರಿದವರು ಇಬ್ಬರೂ ಇದ್ದಾರೆ. ಷೇರಿಲ್ಲದೆ ಕಾಲ್ ಮಾರುವುದು ಕೊಳ್ಳುವುದಕ್ಕಿಂತ ಕೆಟ್ಟದ್ದು, ಅಲ್ಲಿ ನಷ್ಟಕ್ಕೆ ಮಿತಿಯೇ ಇಲ್ಲ. 700 ಷೇರಿಟ್ಟುಕೊಂಡು ಎರಡು ಲಾಟ್ ಮಾರಿದರೆ ಎರಡನೆಯದು ಕವರ್ಡ್ ಅಲ್ಲ. ಬೇರೆ ಬೇರೆ ಷೇರುಗಳಿವೆ ಅಂತ ನಿಫ್ಟಿ ಸೂಚ್ಯಂಕದ ಕಾಲ್ ಮಾರಿದರೆ ಅದೂ ಕವರ್ಡ್ ಅಲ್ಲ.

ಇಲ್ಲಿ ಎಷ್ಟು ಜನಕ್ಕೆ ಇದು ಸಾಧ್ಯ? ಹೆಚ್ಚಿನವರಿಗೆ ಇಲ್ಲ, ಅದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಪಟ್ಟಿಯಾದ ಸಾವಿರಾರು ಕಂಪನಿಗಳಲ್ಲಿ ಆಪ್ಷನ್ ಇರುವುದು ಸುಮಾರು ಇನ್ನೂರಕ್ಕೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್, ದೋಣಿಮಲೆಯ ಎನ್‌ಎಂಡಿಸಿ ಎರಡೂ ಆ ಪಟ್ಟಿಯಲ್ಲಿವೆ. ನಿಮ್ಮಲ್ಲಿ ಕೆಲವರ ಡಿಮ್ಯಾಟ್‌ನಲ್ಲಿ ಅವು ಇರಬಹುದು. ಆದರೆ ಪೂರ್ತಿ ಒಂದು ಲಾಟ್ ಇರಬೇಕು, ಅದರ ಬೆಲೆ ಹಲವು ಲಕ್ಷ ಆಗುತ್ತದೆ. ಐವತ್ತು, ನೂರು ಷೇರಿದ್ದವರು ಇದನ್ನು ಮಾಡಲು ಆಗುವುದಿಲ್ಲ. ಲಾಟ್ ಗಾತ್ರವನ್ನು ಎನ್‌ಎಸ್‌ಇ ಆಗಾಗ ಬದಲಿಸುತ್ತದೆ, ಪ್ರತಿ ಸಲ ಹೊಸದಾಗಿ ನೋಡಬೇಕು. ಇಡೀ ಉಳಿತಾಯ ಒಂದೇ ಕಂಪನಿಯಲ್ಲಿದ್ದು ಲಾಟ್ ತುಂಬಿದ್ದರೆ, ಕಾಲ್ ಮಾರುವುದಕ್ಕಿಂತ ಮೊದಲು ಒಂದಿಷ್ಟು ಷೇರು ಮಾರುವುದರ ಬಗ್ಗೆ ಯೋಚಿಸ್ರಿ.

ಲಾಟ್ ಇರುವವರಿಗೆ ಕ್ರಮ ಹೇಳ್ತೀನಿ. ಬ್ರೋಕರ್ ಹತ್ತಿರ ಎಫ್‌ಅಂಡ್‌ಓ ವಿಭಾಗ ತೆರೆಸಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಐಟಿ ರಿಟರ್ನ್ ಕೇಳುತ್ತಾರೆ. ಆಮೇಲೆ ಮಾರ್ಜಿನ್, ಅಂದರೆ ಬ್ರೋಕರ್ ಹತ್ತಿರ ಇಡುವ ಭದ್ರತಾ ಹಣ. ಷೇರು ನಿಮ್ಮಲ್ಲೇ ಇದ್ದರೂ ಕಾಲ್ ಮಾರಲು ಮಾರ್ಜಿನ್ ಹಣ ಬೇಕು, ನಮ್ಮ ಉದಾಹರಣೆಗೆ ಒಂದೂವರೆ ಲಕ್ಷದ ಆಸುಪಾಸು. ಷೇರನ್ನೇ ಪ್ಲೆಡ್ಜ್ ಮಾಡಬಹುದು, ಅಂದರೆ ಅಡವಿಡಬಹುದು. ಆದರೆ ರಾತ್ರಿ ದಾಟುವ ಮಾರ್ಜಿನ್‌ನಲ್ಲಿ ಅರ್ಧ ನಗದು ಅಥವಾ ನಗದಿಗೆ ಸಮಾನವಾದದ್ದು ಇರಬೇಕು, ಇಲ್ಲದಿದ್ದರೆ ಕಡಿಮೆ ಬಿದ್ದ ಹಣಕ್ಕೆ ಬಡ್ಡಿ ಬೀಳುತ್ತದೆ.

ಹೆಚ್ಚು ಜನ ಎಡವುವುದು ಇಲ್ಲೇ. ಷೇರು ಏರಿದಾಗ ಮಾರಿದ ಕಾಲ್‌ನ ಬೆಲೆಯೂ ಏರುತ್ತದೆ, ಬ್ರೋಕರ್‌ನಿಂದ ಇನ್ನಷ್ಟು ಮಾರ್ಜಿನ್ ಕಟ್ಟಿ ಅಂತ ಮೆಸೇಜ್ ಬರುತ್ತದೆ. ಷೇರಿನ ಲಾಭ ಕಾಗದದ ಮೇಲೆ, ಮಾರ್ಜಿನ್ ಕೇಳುವುದು ಇವತ್ತೇ. ಕಟ್ಟದಿದ್ದರೆ ಅವರು ಕಾಲ್ ಅನ್ನು ದುಬಾರಿ ಬೆಲೆಗೆ ವಾಪಸ್ ಕೊಂಡು ಮುಚ್ಚುತ್ತಾರೆ, ನಷ್ಟ ನಿಮ್ಮ ಖಾತೆಗೆ. ಮಾರ್ಜಿನ್‌ನಷ್ಟೇ ಹಣ ಪಕ್ಕದಲ್ಲಿ ಇಟ್ಟುಕೊಂಡಿರದವರು ಇದಕ್ಕೆ ಇಳಿಯಬಾರದು.

ಆರ್ಡರ್ ಹಾಕುವಾಗ ಪರದೆಯ ಮೇಲೆ SELL ಇದೆಯೇ, ಸ್ಟ್ರೈಕ್ ಪಕ್ಕ ಕಾಲ್‌ನ ಗುರುತಾದ CE ಇದೆಯೇ, ಲಾಟ್ ಒಂದೇ ಇದೆಯೇ ನೋಡಿಕೊಳ್ಳಿ. PE ಅಂದರೆ ಪುಟ್, ಮಾರುವ ಹಕ್ಕು; ಅದನ್ನು ಒತ್ತಿದರೆ ವ್ಯವಹಾರವೇ ತಿರುಗುಮುರುಗು. MIS ಅಂದರೆ ಆ ದಿನವೇ ಮುಗಿಯುವಂಥದ್ದು, ನಿಮಗೆ ಬೇಕಾದ್ದು NRML. ಮಾರ್ಕೆಟ್ ಆರ್ಡರ್ ಬೇಡ, ನಿಮ್ಮ ಬೆಲೆ ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ. ಷೇರಿನ ಆಪ್ಷನ್‌ಗಳಲ್ಲಿ ಕೊಳ್ಳುವ, ಮಾರುವ ಬೆಲೆಗಳ ನಡುವೆ ಒಂದೆರಡು ರೂಪಾಯಿ ಅಂತರ ಸಾಮಾನ್ಯ. 700 ಷೇರಿಗೆ ಎರಡು ರೂಪಾಯಿ ಅಂದರೆ 1,400.

ನಮ್ಮ ದೇಶದಲ್ಲಿ ಕೊಂಡವರು ಎಕ್ಸ್‌ಪೈರಿ ದಿನವೇ, ಅಂದರೆ ಕರಾರು ಮುಗಿಯುವ ದಿನವೇ, ಹಕ್ಕು ಚಲಾಯಿಸಬೇಕು, ನಡುವೆ ಷೇರು ಹೋಗುವ ಭಯವಿಲ್ಲ. ನೀವು ಬೇಕಾದಾಗ ವಾಪಸ್ ಕೊಂಡು ಬಿಡಿಸಿಕೊಳ್ಳಬಹುದು. 14ಕ್ಕೆ ಮಾರಿದ್ದು 2ಕ್ಕೆ ಇಳಿದಿದ್ದರೆ, ಉಳಿದ 1,400 ರೂಪಾಯಿ ಆಸೆಗೆ ಕೂರದೆ ಮುಗಿಸಿಬಿಡುವುದು ಜಾಣತನ. ಷೇರು ಸ್ಟ್ರೈಕ್ ದಾಟಿ ನಿಂತರೆ ಡೆಲಿವರಿ ಕಡ್ಡಾಯ; 2019ರ ಅಕ್ಟೋಬರಿನಿಂದ ಎಲ್ಲ ಷೇರು ಆಪ್ಷನ್‌ಗಳದ್ದೂ ಹೀಗೆಯೇ. ಪ್ಲೆಡ್ಜ್ ಆಗಿರುವ ಷೇರನ್ನು ಹೊತ್ತಿಗೆ ಸರಿಯಾಗಿ ಬಿಡಿಸದಿದ್ದರೆ ಹರಾಜಿನಲ್ಲಿ ಕೊಂಡು ಕೊಡುತ್ತಾರೆ, ಆ ವೆಚ್ಚ ನಿಮ್ಮದು. ಎಕ್ಸ್‌ಪೈರಿಗೆ ನಾಲ್ಕೈದು ದಿನ ಮೊದಲೇ ಬ್ರೋಕರ್‌ಗೆ ಕೇಳಿ ಬಗೆಹರಿಸಿಕೊಳ್ಳಿ.

ಸ್ಟ್ರೈಕ್ ಆರಿಸುವಾಗ ಒಂದೇ ಪ್ರಶ್ನೆ ಸಾಕು: ಈ ಬೆಲೆಗೆ ಷೇರು ಹೋದರೆ ನನಗೆ ಒಪ್ಪಿಗೆಯೇ? ಮಗಳ ಹೆಸರಿಗೆ ಅಂತ ಇಟ್ಟ ಷೇರಿನ ಮೇಲೆ ಕಾಲ್ ಮಾರಬೇಡಿ. ಇನ್ನೊಂದು ಬಲೆ ಇದೆ: ಷೇರು 880ಕ್ಕೆ ಬಿದ್ದಾಗ 1,050ರ ಕಾಲ್‌ಗೆ ಪ್ರೀಮಿಯಂ ಏನೂ ಸಿಗುವುದಿಲ್ಲ, ಆಗ 900ರ ಕಾಲ್ ಮಾರಲು ಮನಸ್ಸಾಗುತ್ತದೆ. ಮುಂದಿನ ತಿಂಗಳು ಷೇರು 1,000ಕ್ಕೆ ಮರಳಿದರೆ ನಿಮ್ಮದು 900ಕ್ಕೇ ಹೋಗುತ್ತದೆ. ಬಿದ್ದಾಗ ಪೂರ್ತಿ ಬಿದ್ದಿರಿ, ಎದ್ದಾಗ ಏಳಲಿಲ್ಲ. ಅಂಥ ತಿಂಗಳು ಸುಮ್ಮನಿರುವುದೇ ವಾಸಿ.

ತೆರಿಗೆ ಬಗ್ಗೆ ಎರಡು ಮಾತು. ಪ್ರೀಮಿಯಂ ಹಣ ಬಿಸಿನೆಸ್ ಆದಾಯ ಅಂತ ಲೆಕ್ಕ, ಐಟಿಆರ್-1 ತುಂಬುತ್ತಿದ್ದ ಪಿಂಚಣಿದಾರರು ಐಟಿಆರ್-3 ತುಂಬಬೇಕಾಗುತ್ತದೆ. ಬಿಸಿನೆಸ್ ಆದಾಯ ಇಲ್ಲದ 60 ದಾಟಿದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವುದರಿಂದ ವಿನಾಯಿತಿ ಇದೆ, ಒಂದು ಕಾಲ್ ಮಾರಿದರೂ ಆ ವಿನಾಯಿತಿ ಕೈತಪ್ಪಬಹುದು. ಹಳೇ, ಹೊಸ ತೆರಿಗೆ ಪದ್ಧತಿಗಳ ನಡುವೆ ವರ್ಷವರ್ಷ ಬದಲಾಯಿಸುವ ಸ್ವಾತಂತ್ರ್ಯವೂ ಬಿಸಿನೆಸ್ ಆದಾಯದವರಿಗಿಲ್ಲ. ಈ ಪ್ರೀಮಿಯಂ ಹಣಕ್ಕೋಸ್ಕರ ಇಷ್ಟು ತಲೆನೋವು ಬೇಕೇ ಅಂತ ಆಡಿಟರ್ ಜೊತೆ ಕೂತು ನೋಡಿ. ನನ್ನ ಅಭಿಪ್ರಾಯದಲ್ಲಿ ಒಂದೇ ಲಾಟ್ ಇರುವವರಿಗೆ ಹಲವು ಸಲ ಬೇಡವೇ ಬೇಡ.

ವಾಟ್ಸಾಪ್, ಟೆಲಿಗ್ರಾಂನಲ್ಲಿ ಏನು ಕೊಳ್ಳಬೇಕು, ಮಾರಬೇಕು ಅಂತ ಟಿಪ್ ಕೊಡ್ತೀವಿ ಅಂತ ಬರುವವರನ್ನು ಮೊದಲು ಸೆಬಿ ನೋಂದಣಿ ಸಂಖ್ಯೆ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ INH, ಸಲಹೆಗಾರರಾದರೆ INA ಅಂತ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹೊಂದುತ್ತದೆಯೇ ನೋಡಿ.

ಚಹಾ ಆದಮೇಲೆ ಡಿಮ್ಯಾಟ್ ಸ್ಟೇಟ್‌ಮೆಂಟ್ ತಂದವರು ಬಲಗಡೆ ಮೇಜಿಗೆ ಬನ್ನಿ. ಯಾವ ಷೇರಿನಲ್ಲಿ ಪೂರ್ತಿ ಲಾಟ್ ಇದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡ್ತೀನಿ. ಮೊಬೈಲ್ ಕೊಡುವುದು ಬೇಡ, ಓಟಿಪಿ ಹೇಳುವುದು ಬೇಡ, ಕಾಗದ ಸಾಕು. ಆಪ್ಷನ್ ಈಗಾಗಲೇ ಕೊಂಡು ಕೂತವರಿದ್ದರೆ ಅವರು ಮೊದಲು ಬರಲಿ, ಅವರ ತಾರೀಕು ಹತ್ತಿರ ಬರ್ತಿರ್ತದ.