ಹಿಂಜರಿತದ ಹೊತ್ತಿನಲ್ಲಿ ವೆಚ್ಚ ಕಡಿತವೋ, ಉತ್ತೇಜನವೋ?

ಬಜೆಟ್ ಚರ್ಚೆ ಬಂದಾಗಲೆಲ್ಲ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತು ಕೇಳುತ್ತದೆ. ಒಂದು ಮನೆಗೆ ಅದು ಸರಿ. ಮನೆಯವರು ಖರ್ಚು ಇಳಿಸಿದರೆ ಅವರ ಸಂಬಳ ಇಳಿಯುವುದಿಲ್ಲ. ಸರ್ಕಾರದ ವಿಷಯ ಹಾಗಲ್ಲ, ಅದು ಕಾಲು ಮಡಚಿದಷ್ಟೂ ಹಾಸಿಗೆಯೇ ಕುಗ್ಗಬಹುದು. ಪೀಣ್ಯದ ಒಂದು ಲೇತ್ ವರ್ಕ್‌ಶಾಪ್ ಕುಡಿಯುವ ನೀರಿನ ಕಾಮಗಾರಿಗೆ ಪೈಪ್ ಜೋಡಿಸುವ ಫ್ಲ್ಯಾಂಜ್ ಮಾಡಿಕೊಡುತ್ತದೆ ಎಂದುಕೊಳ್ಳೋಣ. ಕಾಮಗಾರಿ ನಿಂತರೆ ಮೊದಲು ಓವರ್‌ಟೈಮ್ ಹೋಗುತ್ತದೆ, ನಂತರ ಎರಡನೇ ಪಾಳಿ, ಕೊನೆಗೆ ಹೆಲ್ಪರ್‌ಗಳ ಕೆಲಸ. ಅವರು ತಿಂಡಿ ತಿನ್ನುತ್ತಿದ್ದ ದರ್ಶಿನಿಯ ವ್ಯಾಪಾರ ಬೀಳುತ್ತದೆ, ಜಿಎಸ್‌ಟಿ ಸಂಗ್ರಹವೂ ಬೀಳುತ್ತದೆ. ಸರ್ಕಾರದ ಒಂದು ರೂಪಾಯಿ ಖರ್ಚು ಬದಲಾದರೆ ಒಟ್ಟು ಉತ್ಪನ್ನ ಎಷ್ಟು ಬದಲಾಗುತ್ತದೆ ಎಂಬುದೇ ಗುಣಕ. ಇಡೀ ವಾದ ನಿಂತಿರುವುದು ಈ ಸಂಖ್ಯೆಯ ಮೇಲೆ.

ಒಂದು ದೇಶದ ಜಿಡಿಪಿ 100, ಸಾಲವೂ 100, ತೆರಿಗೆ ಜಿಡಿಪಿಯ ಶೇ. 40 ಎಂದಿಟ್ಟುಕೊಳ್ಳಿ. ಸರ್ಕಾರ 1ರಷ್ಟು ಖರ್ಚು ಕಡಿತ ಮಾಡುತ್ತದೆ. ಗುಣಕ 0.5 ಇದ್ದರೆ ಜಿಡಿಪಿ 99.5ಕ್ಕೆ ಇಳಿಯುತ್ತದೆ, ತೆರಿಗೆಯಲ್ಲಿ 0.2 ಹೋಗುತ್ತದೆ, ಸಾಲ 99.2 ಆಗುತ್ತದೆ. ಜಿಡಿಪಿಗೆ ಸಾಲದ ಅನುಪಾತ ಸುಮಾರು ಶೇ. 99.7: ಕಡಿತ ಫಲಿಸಿತು. ಗುಣಕ 1.5 ಆದರೆ ಜಿಡಿಪಿ 98.5, ತೆರಿಗೆ ನಷ್ಟ 0.6, ಸಾಲ 99.6. ಅನುಪಾತ ಶೇ. 101.1ಕ್ಕೆ ಏರುತ್ತದೆ. ಸಾಲ ತೀರಿಸಲೆಂದು ಮಾಡಿದ ಕಡಿತ ಸಾಲದ ಹೊರೆಯನ್ನೇ ಹೆಚ್ಚಿಸಿತು.

ಗ್ರೀಸ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. 2010ರಲ್ಲಿ 110 ಶತಕೋಟಿ ಯೂರೋ ನೆರವಿನ ಜೊತೆ ಕಠಿಣ ವೆಚ್ಚ ಕಡಿತದ ಷರತ್ತು ಬಂತು. 2008ರಿಂದ 2013ರೊಳಗೆ ಆರ್ಥಿಕತೆ ಸುಮಾರು ಕಾಲು ಭಾಗ ಕುಗ್ಗಿತು, ನಿರುದ್ಯೋಗ ಶೇ. 27ರ ಆಸುಪಾಸಿಗೆ ಹೋಯಿತು, ಸಾಲದ ಅನುಪಾತ ಇಳಿಯುವ ಬದಲು ಏರಿತು. ಐಎಂಎಫ್‌ನ ಅರ್ಥಶಾಸ್ತ್ರಜ್ಞರಾದ ಒಲಿವಿಯೆ ಬ್ಲಾಂಶಾರ್ ಮತ್ತು ಡೇನಿಯಲ್ ಲೀ 2012ರಲ್ಲಿ ತಪ್ಪಿನ ಮೂಲ ತೋರಿಸಿದರು: ಮುಂದುವರಿದ ದೇಶಗಳ ಮುನ್ಸೂಚನೆಗಳಲ್ಲಿ ಗುಣಕವನ್ನು 0.5ರಷ್ಟು ಎಂದು ಭಾವಿಸಲಾಗಿತ್ತು, ವಾಸ್ತವದಲ್ಲಿ ಅದು 0.9ರಿಂದ 1.7ರ ನಡುವೆ ಇದ್ದಿರಬಹುದು. ಕೇಂದ್ರ ಬ್ಯಾಂಕಿನ ಬಡ್ಡಿದರ ಆಗಲೇ ಸೊನ್ನೆಯ ಹತ್ತಿರ ಇದ್ದುದರಿಂದ ಅದನ್ನು ಇಳಿಸಿ ಕಡಿತದ ಪೆಟ್ಟು ತಗ್ಗಿಸಲು ಜಾಗವಿರಲಿಲ್ಲ. ಸ್ವಂತ ಕರೆನ್ಸಿ ಇಲ್ಲದ್ದರಿಂದ ಅಪಮೌಲ್ಯದ ದಾರಿಯೂ ಮುಚ್ಚಿತ್ತು.

ಹಾಗೆಂದು ಕಡಿತದ ಪರ ವಾದವನ್ನು ತಳ್ಳಿಹಾಕುವುದು ಅನ್ಯಾಯ. ಸಾಲದ ಮೇಲಿನ ಬಡ್ಡಿ ಏರಿ ಸಾಲ ಕೊಡುವವರೇ ಇಲ್ಲವಾದರೆ, ಸಾಲ ಮಾಡಿ ಖರ್ಚು ಹೆಚ್ಚಿಸುವ ಉತ್ತೇಜನ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದರೆ ಈ ವಾದಕ್ಕೆ ಆಧಾರವಾಗಿದ್ದ, ಜಿಡಿಪಿಯ ಶೇ. 90ರ ಸಾಲದ ಗಡಿ ಅಲುಗಾಡಿದೆ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ ಅವರ ಲೆಕ್ಕದಲ್ಲಿ ಆ ಗಡಿ ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಶೇ. –0.1 ಇತ್ತು. ಸ್ಪ್ರೆಡ್‌ಶೀಟ್ ದೋಷ, ಬಿಟ್ಟುಹೋದ ಅಂಕಿಗಳು ಮತ್ತು ಸರಾಸರಿ ತೆಗೆದ ಕ್ರಮವನ್ನು ಸರಿಪಡಿಸಿದಾಗ ಅದು ಶೇ. 2.2 ಆಯಿತು. ಯೂರೋ ವಲಯದ ಸರ್ಕಾರಿ ಸಾಲಗಳ ಬಡ್ಡಿ ಇಳಿದದ್ದೂ ಬಹುಮಟ್ಟಿಗೆ 2012ರ ಜುಲೈನಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಯೂರೋ ಉಳಿಸುವ ಅಭಯ ಕೊಟ್ಟ ಮೇಲೆ.

ಉತ್ತೇಜನ ಕೆಡುವ ಬಗೆ ಬೇರೆ, ಅದಕ್ಕೆ ನಮ್ಮ ದೇಶವೇ ಸಾಕ್ಷಿ. 2008ರ ಡಿಸೆಂಬರ್ ಮತ್ತು 2009ರ ಫೆಬ್ರುವರಿ ನಡುವೆ ಮೂರು ಪ್ಯಾಕೇಜ್ ಬಂದವು, ಅಬಕಾರಿ ಸುಂಕ ಶೇ. 14ರಿಂದ 8ಕ್ಕೆ ಇಳಿಯಿತು. ಬೇಡಿಕೆ ಬೇಗ ಚೇತರಿಸಿತು, ಆದರೆ ಸುಂಕ ಶೇ. 12ಕ್ಕೆ ಏರಿದ್ದು 2012ರಲ್ಲಿ. ಅಷ್ಟರಲ್ಲಿ ಹಣದುಬ್ಬರ ಎರಡಂಕಿ ಮುಟ್ಟಿತ್ತು. ಕೊಡುವಾಗ ಎಲ್ಲರೂ ಮುಂದೆ, ಹಿಂಪಡೆಯುವಾಗ ಯಾರೂ ಇಲ್ಲ. 2020ರ 20 ಲಕ್ಷ ಕೋಟಿ ರೂಪಾಯಿ ಪ್ಯಾಕೇಜಿನ ದೋಷ ಮತ್ತೊಂದು: ಬಹುಪಾಲು ಸಾಲ ಖಾತರಿ ಮತ್ತು ನಗದು ಲಭ್ಯತೆಯ ರೂಪದಲ್ಲಿತ್ತು. ಆರ್ಡರ್ ಇಲ್ಲದ ವರ್ಕ್‌ಶಾಪ್‌ಗೆ ಸಾಲಕ್ಕಿಂತ ಆರ್ಡರ್ ಬೇಕು.

ರಾಜ್ಯಗಳಿಗೆ ನೋಟು ಮುದ್ರಿಸುವ ಅಧಿಕಾರವಿಲ್ಲ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ ವಿತ್ತೀಯ ಕೊರತೆಗೆ ರಾಜ್ಯ ಉತ್ಪನ್ನದ ಶೇ. 3ರ ಮಿತಿ ಹಾಕಿಕೊಂಡಿತು. 2020ರಲ್ಲಿ ಕೇಂದ್ರ ಸಾಲದ ಮಿತಿಯನ್ನು ಶೇ. 5ಕ್ಕೆ ಏರಿಸಿದರೂ ಹೆಚ್ಚುವರಿಯ ಬಹುಪಾಲನ್ನು ಸುಧಾರಣೆಗಳ ಷರತ್ತಿಗೆ ಕಟ್ಟಿಹಾಕಿತ್ತು. ಆದಾಯ ಕುಸಿದಾಗ ಮಿತಿಯೊಳಗೆ ಉಳಿಯಲು ಸರ್ಕಾರಗಳು ಮೊದಲು ಮುಟ್ಟುವುದು ಬಂಡವಾಳ ವೆಚ್ಚವನ್ನು. ಸಂಬಳ, ಪಿಂಚಣಿ, ಬಡ್ಡಿ ತಡೆಯಲಾಗದು. ಅರ್ಧಕ್ಕೆ ನಿಂತ ಸೇತುವೆಗಾಗಿ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರುವವರು ಇಲ್ಲ. ಗುಣಕ ಹೆಚ್ಚಿರುವ ಖರ್ಚೇ ಮೊದಲು ಹೋಗುತ್ತದೆ ಎಂಬುದೇ ಇಲ್ಲಿನ ದುರಂತ.

ಆದ್ದರಿಂದ ಸ್ವಂತ ಕರೆನ್ಸಿ, ಕಡಿಮೆ ಬಡ್ಡಿ, ಖಾಲಿ ಕೂತ ಯಂತ್ರಗಳು ಈ ಮೂರೂ ಇರುವಾಗ ಉತ್ತೇಜನವೇ ಸರಿಯಾದ ದಾರಿ. ಅದರ ಕ್ರಮ ಹೀಗಿರಬೇಕು: ಮೊದಲ ವಾರಗಳಲ್ಲಿ ಗುತ್ತಿಗೆದಾರರ ಬಾಕಿ ಬಿಲ್ ಮತ್ತು ನರೇಗಾದಂಥ ಕೆಲಸದ ಕೂಲಿ, ಬಳಿಕ ಟೆಂಡರ್ ಮುಗಿದು ಭೂಸ್ವಾಧೀನವೂ ಆಗಿರುವ ಕಾಮಗಾರಿ. ಯೋಜನಾ ವರದಿಯ ಹಂತದಲ್ಲೇ ಇರುವ ದೊಡ್ಡ ಯೋಜನೆಯ ಹಣ ಹೊರಬರುವಷ್ಟರಲ್ಲಿ ಹಿಂಜರಿತವೇ ಮುಗಿದಿರುತ್ತದೆ. ತೆರಿಗೆ ರಿಯಾಯಿತಿ ಕೊಡುವುದಾದರೆ ಅದು ಕೊನೆಗೊಳ್ಳುವ ದಿನಾಂಕವನ್ನು ಅದೇ ಅಧಿಸೂಚನೆಯಲ್ಲಿ ಮುದ್ರಿಸಬೇಕು.