ಅಮ್ಮನ ಒಂದು ತಿಂಗಳ ಊಟ: ಸೌಮ್ಯಳಿಗೆ

ಸೌಮ್ಯ,

ಭಾನುವಾರ ಅಮ್ಮ ನಿಮ್ಮ ಮನೆಗೆ ಬರುತ್ತಾರೆ. ಫೋನಿನಲ್ಲಿ ಹೇಳಿದ್ದು ಅಡುಗೆ ಮಾಡುವ ಹೊತ್ತಿಗೆ ನೆನಪಾಗಲ್ಲ, ಅದಕ್ಕೇ ಎಲ್ಲ ಬರೆದಿದ್ದೇನೆ. ಫ್ರಿಜ್ ಮೇಲೆ ಅಂಟಿಸಿಕೊ.

ಮೊದಲು ಒಂದು ಮಾತು. ಅಮ್ಮನಿಗೆ ಸೊಪ್ಪು ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಸೊಪ್ಪು ಬೇಕು, ಆದರೆ ದಿನಾ ಒಂದೇ ಅಳತೆಯಲ್ಲಿ ಬೇಕು. ಹೃದಯದಲ್ಲಿ ಲೋಹದ ಕವಾಟ ಇದೆ ಅಲ್ವಾ, ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ವಾರ್ಫರಿನ್ ಕೊಡುತ್ತಿದ್ದಾರೆ. ರಕ್ತ ಹೆಪ್ಪುಗಟ್ಟುವುದಕ್ಕೆ ವಿಟಮಿನ್ ಕೆ ಬೇಕು. ಆ ವಿಟಮಿನ್ ಕೆಲಸ ಮಾಡದ ಹಾಗೆ ಈ ಮಾತ್ರೆ ತಡೆಯುತ್ತದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಾ ಇದೆ. ಸೊಪ್ಪು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮಾತ್ರೆ ಸಾಲದೆ ಹೋಗುತ್ತದೆ. ಪೂರ್ತಿ ಬಿಟ್ಟರೆ ಅದೇ ಮಾತ್ರೆ ಹೆಚ್ಚಾಗುತ್ತದೆ. ಡಾಕ್ಟರು ಡೋಸ್ ನಿಗದಿ ಮಾಡಿರುವುದು ಅಮ್ಮ ದಿನಾ ತಿನ್ನುವ ಸೊಪ್ಪಿನ ಲೆಕ್ಕ ಹಿಡಿದು.

ಎರಡೂ ತಪ್ಪು ನಾನೇ ಮಾಡಿದ್ದೇನೆ. ಆಪರೇಷನ್ ಆದ ಹೊಸದರಲ್ಲಿ ಹೆದರಿ ಮೂರು ವಾರ ಸೊಪ್ಪು ಮುಟ್ಟಿಸಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ 4.8ಕ್ಕೆ ಏರಿತ್ತು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಆಮೇಲೆ ಊರಿನಿಂದ ಹೊರೆ ಸೊಪ್ಪು ಬಂತು, ಒಂದು ವಾರ ಎರಡು ಹೊತ್ತೂ ಬಸ್ಸಾರು, ಪಲ್ಯ. ಆಗ 1.7ಕ್ಕೆ ಇಳಿಯಿತು. ಅಮ್ಮನಿಗೆ ಇರಬೇಕಾದ್ದು 2.5ರಿಂದ 3.5. ಆ ಎರಡು ರಿಪೋರ್ಟ್ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಳತೆ ಹೀಗೆ. ದಿನಕ್ಕೆ ಒಂದೇ ಹೊತ್ತು ಸೊಪ್ಪು, ಬಿಡಿಸಿ ತೊಳೆದ ಹಸಿ ಸೊಪ್ಪು 50 ಗ್ರಾಂ. ಬೇಯಿಸಿದ ಮೇಲೆ ಅಳೆಯಬೇಡ, ಸೊಪ್ಪು ಬಾಡಿ ಒಂದು ಹಿಡಿಯಾಗುತ್ತದೆ, ಲೆಕ್ಕ ತಪ್ಪುತ್ತದೆ. ಬೇಯಿಸಿದರೆ ವಿಟಮಿನ್ ಕೆ ಹೋಗಿಬಿಡುತ್ತೆ ಅಂತಲೂ ಅಂದುಕೊಳ್ಳಬೇಡ, ಹೆಚ್ಚು ಪಾಲು ಹಾಗೇ ಉಳಿಯುತ್ತದೆ. ಅಮ್ಮನಿಗೆ ಅಂತ ಬೇರೆ ಅಡುಗೆ ಮಾಡುವುದೂ ಬೇಡ. ನೀವು ನಾಲ್ಕು ಜನ, 200 ಗ್ರಾಂ ಸೊಪ್ಪು ಹಾಕು, ಆದ ಪಲ್ಯದಲ್ಲಿ ಕಾಲು ಭಾಗ ಅಮ್ಮನ ಬಟ್ಟಲಿಗೆ ಮೊದಲೇ ತೆಗೆದಿಡು. ಎರಡನೇ ಸಲ ಬಡಿಸಬೇಡ. ಕೇಳುತ್ತಾರೆ, ಕೊಡಬೇಡ.

ಸೋಮವಾರ ಬೆಳಿಗ್ಗೆ ಇಡ್ಲಿ, ಕಾಯಿ ಚಟ್ನಿ. ಮಧ್ಯಾಹ್ನ ಅನ್ನ, ಮೂಲಂಗಿ ಹುಳಿ, ಹರಿವೆ ಸೊಪ್ಪಿನ ಪಲ್ಯ, ಮಜ್ಜಿಗೆ. ರಾತ್ರಿ ಎರಡು ಚಪಾತಿ, ಸೋರೆಕಾಯಿ ಪಲ್ಯ.

ಮಂಗಳವಾರ ಉಪ್ಪಿಟ್ಟು. ಮಧ್ಯಾಹ್ನ ಪಾಲಕ್ ತೊವ್ವೆ, ಅನ್ನ, ಬೀಟ್ರೂಟ್ ಪಲ್ಯ. ರಾತ್ರಿ ಸಣ್ಣ ಮುದ್ದೆ, ಹುರುಳಿಕಾಳಿನ ಸಾರು.

ಬುಧವಾರ ದೋಸೆ, ಆಲೂಗಡ್ಡೆ ಪಲ್ಯ. ಮಧ್ಯಾಹ್ನ ಮೆಂತ್ಯ ಸೊಪ್ಪಿನ ಹುಳಿ. ಹುಳಿಯಲ್ಲಿ ಸೊಪ್ಪು ತಳಕ್ಕೆ ಇಳಿದಿರುತ್ತದೆ, ಚೆನ್ನಾಗಿ ಕಲಕಿ ಬಡಿಸು, ಇಲ್ಲವಾದರೆ ಒಬ್ಬರಿಗೆ ಸೊಪ್ಪೆಲ್ಲ, ಇನ್ನೊಬ್ಬರಿಗೆ ಬರೀ ರಸ. ರಾತ್ರಿ ಮೊಸರನ್ನ, ಕ್ಯಾರೆಟ್ ಕೋಸಂಬರಿ.

ಗುರುವಾರ ಬಸ್ಸಾರು, ಮುದ್ದೆ. ಇದೇ ಸ್ವಲ್ಪ ನಾಜೂಕಿನ ದಿನ. ಹರಿವೆ, ದಂಟು ಯಾವುದಾದರೂ ಸರಿ, ತೂಕ ಮಾತ್ರ ಅದೇ 200 ಗ್ರಾಂ. ಸಾರಿಗೆ ರುಬ್ಬುವಾಗ ಬೆಂದ ಸೊಪ್ಪನ್ನೂ ಒಂದು ಹಿಡಿ ಹಾಕುತ್ತೀಯಲ್ಲ, ಈ ತಿಂಗಳು ಬರೀ ಕಾಳು ಹಾಕಿ ರುಬ್ಬು. ಆಗ ಸೊಪ್ಪೆಲ್ಲ ಪಲ್ಯದಲ್ಲೇ ಇರುತ್ತದೆ, ಕಾಲು ಭಾಗ ತೆಗೆಯುವುದು ಸುಲಭ. ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ, ಟೊಮೆಟೊ ಸಾರು ಸಾಕು.

ಶುಕ್ರವಾರ ಸೊಪ್ಪು ಬೆಳಿಗ್ಗೆಯೇ. ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿ, ಅಮ್ಮನಿಗೆ ಎರಡು. ಆ ಎರಡು ರೊಟ್ಟಿಯ ಹಿಟ್ಟಿಗೆ 50 ಗ್ರಾಂ ಸೊಪ್ಪು ಬೇರೆಯಾಗಿ ಕಲಸು. ಮಧ್ಯಾಹ್ನ ಹೀರೆಕಾಯಿ ತೊವ್ವೆ, ರಾತ್ರಿ ಬದನೆಕಾಯಿ ಪಲ್ಯ, ಚಪಾತಿ. ಬೆಳಿಗ್ಗೆ ಕೊಟ್ಟದ್ದು ಮರೆತು ಮಧ್ಯಾಹ್ನ ಮತ್ತೆ ಸೊಪ್ಪು ಮಾಡಬೇಡ.

ಶನಿವಾರ ನುಗ್ಗೆ ಸೊಪ್ಪು. ಇದನ್ನು ಮಾತ್ರ ಅಮ್ಮನ ಪಾಲಿಗೆ 30 ಗ್ರಾಂ ಇಡು, ಆಹಾರ ತಜ್ಞೆ ಹಾಗೇ ಹೇಳಿದ್ದಾರೆ. ಬೇಳೆ ಹಾಕಿ ಪಲ್ಯ ಮಾಡಿದರೆ ಇಷ್ಟಪಟ್ಟು ತಿನ್ನುತ್ತಾರೆ. ಭಾನುವಾರ ಮಸ್ಸೊಪ್ಪು, ಪಾಲಕ್ ಮತ್ತು ಮೆಂತ್ಯ ಸೇರಿ 50 ಗ್ರಾಂ. ಈ ಎರಡು ದಿನ ಉಳಿದ ಹೊತ್ತಿನ ಊಟ ನಿನ್ನ ಅನುಕೂಲದಂತೆ ಮಾಡು, ಸೊಪ್ಪು ಇರದಿದ್ದರೆ ಆಯಿತು.

ಎಲೆಕೋಸು ಈ ತಿಂಗಳು ಬೇಡ. ವಿಷವೇನಲ್ಲ, ಅದರಲ್ಲೂ ವಿಟಮಿನ್ ಕೆ ಇದೆ, ಸುಮ್ನೆ ನಿನಗೆ ಇನ್ನೊಂದು ಲೆಕ್ಕ. ಒಗ್ಗರಣೆಯ ಕರಿಬೇವು, ಸಾರಿನ ಮೇಲಿನ ನಾಲ್ಕು ಎಳೆ ಕೊತ್ತಂಬರಿಗೆ ಹೆದರಬೇಡ. ಕೊತ್ತಂಬರಿ ಚಟ್ನಿ, ಪುದೀನ ಚಟ್ನಿ ಬಟ್ಟಲುಗಟ್ಟಲೆ ಬೇಡ, ಒಂದು ಚಮಚ ಸಾಕು. ಎಣ್ಣೆ ಇಲ್ಲಿಯ ಹಾಗೇ ಕಡಲೆಕಾಯಿ ಎಣ್ಣೆ. ಸೋಯಾ ಎಣ್ಣೆಯಲ್ಲಿ ವಿಟಮಿನ್ ಕೆ ಜಾಸ್ತಿ, ಅದಕ್ಕೆ ಬದಲಾಯಿಸಬೇಡ. ಅಡುಗೆಗೆ ಹಾಕುವ ಅರಿಶಿನ, ಬೆಳ್ಳುಳ್ಳಿ, ಶುಂಠಿ ಎಲ್ಲ ಸರಿ. ಆದರೆ ಪಕ್ಕದ ಮನೆಯವರು ಒಳ್ಳೆಯದು ಅಂತ ಕೊಡುವ ಕಷಾಯ, ಚೂರ್ಣ, ಬೆಳ್ಳುಳ್ಳಿ ಮಾತ್ರೆ ಯಾವುದೂ ಡಾಕ್ಟರನ್ನು ಕೇಳದೆ ಬೇಡ. ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುವ ಅಭ್ಯಾಸ ಅಮ್ಮನಿಗಿದೆ. ಅದಂತೂ ಬೇಡವೇ ಬೇಡ, ಹೊಟ್ಟೆಯಲ್ಲಿ ರಕ್ತ ಒಸರಬಹುದು.

ಏಕಾದಶಿ ಬಂದರೆ ಉಪವಾಸ ಅಂತಾರೆ. ನಾನು ಮಾತಾಡಿ ಒಪ್ಪಿಸಿದ್ದೇನೆ. ಅನ್ನ ಬಿಡಲಿ, ಹಣ್ಣು, ಹಾಲು ತಗೊಳ್ಳಲಿ, ಹರಿವೆ ಪಲ್ಯ ಮಾತ್ರ ತಪ್ಪದೆ ತಿನ್ನಲಿ. ಮದುವೆ, ಗೃಹಪ್ರವೇಶಕ್ಕೆ ಹೋದರೆ ಅಲ್ಲಿ ಸೊಪ್ಪು ಸಿಗುತ್ತದೋ ಇಲ್ಲವೋ, ಒಂದು ಹೊತ್ತು ತಪ್ಪಿದರೆ ಗಾಬರಿ ಬೇಡ. ಮರುದಿನ ಎರಡು ಪಾಲು ಕೊಟ್ಟು ಸರಿದೂಗಿಸಬೇಡ, ಅಷ್ಟೇ. ಜ್ವರ, ಭೇದಿ ಬಂದು ಎರಡು ದಿನ ಊಟ ಸೇರದಿದ್ದರೆ, ಇಲ್ಲಾ ಯಾರಾದರೂ ಆಂಟಿಬಯಾಟಿಕ್ ಬರೆದುಕೊಟ್ಟರೆ, ಆಗ ಸುಮ್ಮನಿರಬೇಡ. ಡಾಕ್ಟರಿಗೆ ಫೋನ್ ಮಾಡಿ ರಕ್ತ ಪರೀಕ್ಷೆ ಬೇಗ ಮಾಡಿಸಬೇಕಾ ಅಂತ ಕೇಳು.

ಮಾತ್ರೆ ರಾತ್ರಿ ಎಂಟಕ್ಕೆ. ಮರೆತದ್ದು ಮಲಗುವ ಮುಂಚೆ ನೆನಪಾದರೆ ಕೊಡು. ಮರುದಿನ ನೆನಪಾದರೆ ಬಿಟ್ಟುಬಿಡು, ಎರಡು ಸೇರಿಸಿ ಕೊಡಬೇಡ, ಡೈರಿಯಲ್ಲಿ ಬರೆದಿಡು. ಮಲ ಕಪ್ಪಗೆ ಹೋದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ ತಕ್ಷಣ ಆಸ್ಪತ್ರೆ. ಜಾರಿ ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆ. ನನಗೆ ಫೋನ್ ಆಮೇಲೆ ಮಾಡು.

ರಕ್ತ ಪರೀಕ್ಷೆ ಅಮ್ಮ ಬಂದ ಹತ್ತನೇ ದಿನಕ್ಕೆ. ತಕ್ಕಡಿ ಅಮ್ಮನ ನೀಲಿ ಬ್ಯಾಗಿನಲ್ಲಿ ಸೀರೆಗಳ ಕೆಳಗಿದೆ, ಸೆಲ್ ಹೊಸದು ಹಾಕಿದ್ದೇನೆ. ಮೊದಲ ಒಂದು ವಾರ ತೂಗು. ಆಮೇಲೆ ನಿನ್ನ ಕೈಗೇ ಅಳತೆ ಗೊತ್ತಾಗುತ್ತದೆ.

ಅಕ್ಕ