ಫ್ಲಾಟ್ ಸಂಖ್ಯೆ 604ರ ಕಾರ್ಪೆಟ್ ಏರಿಯಾದಲ್ಲಿನ ಕೊರತೆ ಮತ್ತು ಅದಕ್ಕೆ ತಕ್ಕ ಬೆಲೆ ಕಡಿತದ ಬಗ್ಗೆ ಪತ್ರ

ಮಂಗಳೂರು
23-01-2025

ಇವರಿಗೆ,
ವ್ಯವಸ್ಥಾಪಕ ಪಾಲುದಾರರು,
ಬಿಜೈ ವಸತಿ ಸಮುಚ್ಚಯದ ನಿರ್ಮಾಣ ಸಂಸ್ಥೆ,
ಮಂಗಳೂರು

ಮಾನ್ಯರೇ,

ವಿಷಯ: 14-10-2022ರಂದು ನೋಂದಣಿಯಾದ ಮಾರಾಟ ಕರಾರಿನಂತೆ ನಾವು ಖರೀದಿಸುತ್ತಿರುವ ಆರನೇ ಮಹಡಿಯ 604ನೇ ಫ್ಲಾಟಿನಲ್ಲಿ 4.44 ಚದರ ಮೀಟರ್ ಕಾರ್ಪೆಟ್ ಏರಿಯಾ ಕಡಿಮೆ ಇರುವುದು ಮತ್ತು ಕೊನೆಯ ಕಂತಿನ ಬೇಡಿಕೆ ಪತ್ರವನ್ನು ಪರಿಷ್ಕರಿಸಬೇಕಾಗಿರುವುದು.

ಮಹಾನಗರಪಾಲಿಕೆಯು 20-12-2024ರಂದು ಸ್ವಾಧೀನಾನುಭವ ಪತ್ರ ನೀಡಿದೆಯೆಂದೂ, ಕೊನೆಯ ಕಂತು ಪಾವತಿಸಿ ಫ್ಲಾಟಿನ ಕೀ ಪಡೆಯಬಹುದೆಂದೂ ತಿಳಿಸಿ ತಾವು 06-01-2025ರಂದು ಬರೆದ ಪತ್ರ ತಲುಪಿದೆ. ಅದರಂತೆ 18-01-2025ರ ಶನಿವಾರ ಬೆಳಿಗ್ಗೆ, ಪರವಾನಗಿ ಹೊಂದಿದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಬಂದು, ತಮ್ಮ ಸೈಟ್ ಎಂಜಿನಿಯರರ ಎದುರಿನಲ್ಲಿಯೇ ಫ್ಲಾಟಿನ ಪ್ರತಿಯೊಂದು ಕೋಣೆಯನ್ನೂ ಲೇಸರ್ ಮೀಟರ್ ಹಾಗೂ ಟೇಪು ಎರಡರಿಂದಲೂ ಅಳೆಸಿದೆವು. ಕರಾರಿನಲ್ಲಿ ನಮೂದಾದ ಕಾರ್ಪೆಟ್ ಏರಿಯಾ 94.20 ಚದರ ಮೀಟರ್, ಅಂದರೆ ಸುಮಾರು 1,014 ಚದರ ಅಡಿ. ಸ್ಥಳದಲ್ಲಿ ಸಿಕ್ಕಿದ್ದು 89.76 ಚದರ ಮೀಟರ್, ಅಂದರೆ ಸುಮಾರು 966 ಚದರ ಅಡಿ. ಕೊರತೆ ಶೇಕಡಾ 4.71ರಷ್ಟಿದೆ. ಎಂಜಿನಿಯರರು ಸಹಿ ಮಾಡಿದ ಕೋಣೆವಾರು ಅಳತೆ ಪಟ್ಟಿಯನ್ನೂ ಕರಾರಿಗೆ ಲಗತ್ತಿಸಿದ್ದ ನಕ್ಷೆಯ ಪ್ರತಿಯನ್ನೂ ಇದರೊಂದಿಗೆ ಕಳುಹಿಸುತ್ತಿದ್ದೇವೆ.

2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 2(ಕೆ) ಕಲಮಿನ ಅರ್ಥನಿರೂಪಣೆಯನ್ನೇ ಈ ಅಳತೆಗೆ ಆಧಾರವಾಗಿ ಇಟ್ಟುಕೊಂಡಿದ್ದೇವೆ. ಹೊರಗೋಡೆಗಳು, ಪೈಪುಗಳು ಹಾದುಹೋಗುವ ಡಕ್ಟ್ ಮತ್ತು ನಮ್ಮ ಉಪಯೋಗಕ್ಕೇ ಇರುವ ಬಾಲ್ಕನಿಯನ್ನು ಬಿಟ್ಟಿದ್ದೇವೆ. ಒಳಗಿನ ವಿಭಜನಾ ಗೋಡೆಗಳು ಆಕ್ರಮಿಸಿದ ಜಾಗವನ್ನು ಮಾತ್ರ, ಕಾಯ್ದೆ ಸೇರಿಸಬೇಕೆನ್ನುವ ಕಾರಣಕ್ಕೆ, ತಮ್ಮ ಪರವಾಗಿಯೇ ಲೆಕ್ಕಕ್ಕೆ ಸೇರಿಸಿದ್ದೇವೆ. ಕರಪತ್ರದಲ್ಲಿ ಅಚ್ಚಾಗಿದ್ದ ಸೂಪರ್ ಬಿಲ್ಟ್‌ಅಪ್ ಏರಿಯಾ ಬದಲಾಗಿಲ್ಲ ಎಂದು ತಮ್ಮ ಕಚೇರಿಯಲ್ಲಿ ನಮಗೆ ಹೇಳಲಾಯಿತು. ಆದರೆ ಬೆಲೆ ನಿಗದಿಯಾಗಿದ್ದು ಕಾರ್ಪೆಟ್ ಏರಿಯಾದ ಮೇಲೆ. ಆದ್ದರಿಂದ ಆ ಮಾತು ಇಲ್ಲಿ ಅನ್ವಯಿಸುವುದಿಲ್ಲ.

ಹೆಚ್ಚು ನಷ್ಟವಾಗಿರುವುದು ಅಡುಗೆಮನೆಯಲ್ಲಿ. ನಕ್ಷೆಯಲ್ಲಿ 3.30 ಮೀಟರ್ ಉದ್ದ, 2.70 ಮೀಟರ್ ಅಗಲವಿದ್ದ ಅಡುಗೆಮನೆ ಈಗ 2.78 ಮೀಟರ್ ಉದ್ದಕ್ಕೆ ಇಳಿದಿದೆ. ಪೈಪುಗಳ ಡಕ್ಟನ್ನು ಒಳಕ್ಕೆ ತಂದು ಕಟ್ಟಿರುವುದೇ ಇದಕ್ಕೆ ಕಾರಣ. ನಕ್ಷೆಯಲ್ಲಿ ಫ್ರಿಜ್ ಎಂದು ಬರೆದಿದ್ದ ಮೂಲೆಯಲ್ಲಿ ಇಂದು ಡಕ್ಟಿನ ಗೋಡೆ ನಿಂತಿದೆ. ಫ್ರಿಜ್ ಅನ್ನು ಬೇರೆ ಎಲ್ಲಿ ಇಟ್ಟರೂ ವಾಶ್ ಏರಿಯಾಕ್ಕೆ ಹೋಗುವ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಈ ಒಂದು ಕೋಣೆಯಲ್ಲಿಯೇ 1.40 ಚದರ ಮೀಟರ್ ಹೋಗಿದೆ. ಹಾಲ್ ಮತ್ತು ಊಟದ ಕೋಣೆ ಸೇರಿದ ಭಾಗ 6.70 ಮತ್ತು 4.20 ಮೀಟರ್ ಇರಬೇಕಾದಲ್ಲಿ 6.55 ಮತ್ತು 4.10 ಇದ್ದು, ಅಲ್ಲಿ 1.29 ಚದರ ಮೀಟರ್ ಕಡಿಮೆಯಾಗಿದೆ. ದೊಡ್ಡ ಮಲಗುವ ಕೋಣೆಯಲ್ಲಿ 0.69, ಉಳಿದ ಕೋಣೆಗಳು, ಬಾತ್‌ರೂಮ್‌ಗಳು ಮತ್ತು ಓಡಾಟದ ಜಾಗದಲ್ಲಿ ಒಟ್ಟು 1.06 ಚದರ ಮೀಟರ್ ಕೊರತೆಯಿದೆ.

ಗೋಡೆಗೆ ಗಾರೆ ಬಳಿದಾಗ ಇಷ್ಟು ವ್ಯತ್ಯಾಸ ಸಹಜ, ಶೇಕಡಾ 3ರವರೆಗೆ ಯಾರೂ ಕೇಳುವುದಿಲ್ಲ ಎಂದು ತಮ್ಮ ಸೈಟ್ ಎಂಜಿನಿಯರ್ ಹೇಳಿದರು. ಎರಡೂ ಬದಿಯ ಗಾರೆಗೆ ತಲಾ 12 ಮಿ.ಮೀ. ಬಿಟ್ಟರೂ 24 ಮಿ.ಮೀ. ಆಗುತ್ತದೆಯೇ ಹೊರತು ಹಾಲಿನ ಉದ್ದದಲ್ಲಿ ಕಡಿಮೆಯಾದ 150 ಮಿ.ಮೀ. ಆಗುವುದಿಲ್ಲ, ಕೊರತೆಯೂ ಅವರು ಹೇಳಿದ ಶೇಕಡಾ 3ನ್ನು ದಾಟಿದೆ. ನಿಜವಾದ ಕಾರಣವನ್ನು ಅವರೇ ಆಮೇಲೆ ತೋರಿಸಿದರು: ನಕ್ಷೆಯಲ್ಲಿ 150 ಮಿ.ಮೀ. ಇದ್ದ ಹೊರಗೋಡೆಯನ್ನು ಗಾರೆ ಬಿಟ್ಟು 200 ಮಿ.ಮೀ. ದಪ್ಪಕ್ಕೆ ಕಟ್ಟಲಾಗಿದ್ದು, ಹೆಚ್ಚಾದ ದಪ್ಪವೆಲ್ಲ ಕೋಣೆಯ ಒಳಬದಿಗೆ ಬಂದಿದೆ. ಆಟಿ ತಿಂಗಳ ಗಾಳಿ ಮಳೆಗೆ ನಮ್ಮ ಊರಿನ ಪಡುವಣ ಗೋಡೆಗಳು ಹೇಗೆ ತೇವ ಹೀರುತ್ತವೆಂಬುದನ್ನು ಹಳೆಯ ಮನೆಯಲ್ಲಿ ಅನುಭವಿಸಿರುವ ನಾವು ದಪ್ಪ ಗೋಡೆ ಬೇಡವೆಂದು ಹೇಳುವುದಿಲ್ಲ. ಅದು ಒಳ್ಳೆಯ ಕೆಲಸವೇ. ಆದರೆ ಹೊರಗೋಡೆಯ ಕೆಳಗಿನ ಜಾಗಕ್ಕೆ ಕಾರ್ಪೆಟ್ ಏರಿಯಾದ ದರದಲ್ಲಿ ಹಣ ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲ. ರಚನೆಯ ಕಾರಣಕ್ಕೆ ಮಾಡುವ ಸಣ್ಣ ಬದಲಾವಣೆಯನ್ನೂ ಅಧಿಕೃತ ವಾಸ್ತುಶಿಲ್ಪಿ ಅಥವಾ ಎಂಜಿನಿಯರರ ಶಿಫಾರಸಿನೊಂದಿಗೆ ಖರೀದಿದಾರರಿಗೆ ತಿಳಿಸಿಯೇ ಮಾಡಬೇಕೆಂದು 14ನೇ ಕಲಮು ಹೇಳುತ್ತದೆ. ಗೋಡೆಯ ಬಗ್ಗೆಯಾಗಲಿ ಡಕ್ಟಿನ ಬಗ್ಗೆಯಾಗಲಿ ಎರಡು ವರ್ಷಗಳಲ್ಲಿ ತಮ್ಮಿಂದ ನಮಗೆ ಒಂದು ಸಾಲಿನ ಸೂಚನೆಯೂ ಬಂದಿಲ್ಲ.

ಕಟ್ಟಡ ಪೂರ್ಣಗೊಂಡ ಮೇಲೆ ಅಂತಿಮ ಕಾರ್ಪೆಟ್ ಏರಿಯಾವನ್ನು ತಾವು ದೃಢೀಕರಿಸಬೇಕು, ಅದರಂತೆ ಒಟ್ಟು ಬೆಲೆಯನ್ನು ಮತ್ತೆ ಲೆಕ್ಕ ಹಾಕಬೇಕು ಮತ್ತು ಹೊಂದಾಣಿಕೆಯನ್ನು ಕರಾರಿನ ದರದಲ್ಲಿಯೇ ಮಾಡಬೇಕು ಎಂದು ನಮ್ಮ ಕರಾರಿನ 1.7ನೇ ಕಂಡಿಕೆಯಲ್ಲಿದೆ. ಕರಾರಿನ ದರ ಚದರ ಮೀಟರಿಗೆ 75,000 ರೂಪಾಯಿ. ಅದರಂತೆ 94.20 ಚದರ ಮೀಟರಿಗೆ 70,65,000 ರೂಪಾಯಿ ಆಗಿತ್ತು, 89.76 ಚದರ ಮೀಟರಿಗೆ 67,32,000 ರೂಪಾಯಿ ಆಗುತ್ತದೆ. ಕಡಿತವಾಗಬೇಕಾದದ್ದು 3,33,000 ರೂಪಾಯಿ ಮತ್ತು ಅದರ ಮೇಲಿನ ಶೇಕಡಾ 5ರ ಜಿಎಸ್‌ಟಿ 16,650 ರೂಪಾಯಿ. ಪಾರ್ಕಿಂಗ್ ಜಾಗದ ಬೆಲೆಯನ್ನು ನಾವು ಈ ಲೆಕ್ಕಕ್ಕೆ ತಂದಿಲ್ಲ. ಈಗಾಗಲೇ ಜಿಎಸ್‌ಟಿ ಬಿಟ್ಟು 63,58,500 ರೂಪಾಯಿ ಪಾವತಿಸಿರುವುದರಿಂದ, ಉಳಿಯುವುದು 3,73,500 ರೂಪಾಯಿ, ಜಿಎಸ್‌ಟಿ ಸೇರಿ 3,92,175 ರೂಪಾಯಿ. ತಮ್ಮ ಬೇಡಿಕೆ ಪತ್ರದಲ್ಲಿರುವುದು 7,41,825 ರೂಪಾಯಿ.

ಆದ್ದರಿಂದ ಕೊನೆಯ ಕಂತಿನ ಪರಿಷ್ಕೃತ ಬೇಡಿಕೆ ಪತ್ರವನ್ನು 07-02-2025ರೊಳಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಬ್ಯಾಂಕು ಗೃಹಸಾಲದ ಕೊನೆಯ ಮೊತ್ತವನ್ನು ಆ ಪತ್ರದ ಮೇಲೆಯೇ ಬಿಡುಗಡೆ ಮಾಡುವುದರಿಂದ ಬಾಯಿಮಾತಿನ ಭರವಸೆ ನಮಗೆ ಸಾಲದು. ಪತ್ರ ಬಂದ ಮೂರು ದಿನಗಳಲ್ಲಿ, ಶೇಕಡಾ 1ರ ಟಿಡಿಎಸ್ ಮುರಿದುಕೊಂಡು, ಉಳಿದ ಮೊತ್ತ ತಮ್ಮ ಖಾತೆಗೆ ಬರುತ್ತದೆ. ಕ್ರಯಪತ್ರದ ಕರಡಿನಲ್ಲಿ 89.76 ಚದರ ಮೀಟರ್ ಎಂದೂ ಪರಿಷ್ಕೃತ ಬೆಲೆಯೆಂದೂ ನಮೂದಾಗಬೇಕು. ಜಮೀನಿನ ಅವಿಭಾಜ್ಯ ಪಾಲು ಕರಾರಿನಲ್ಲಿರುವಂತೆಯೇ ಉಳಿಯಬೇಕು. ಮಾಸಿಕ ನಿರ್ವಹಣಾ ಶುಲ್ಕವನ್ನೂ ನಿಜವಾದ ಅಳತೆಯ ಮೇಲೆ ನಿಗದಿಪಡಿಸಬೇಕು. ನಮ್ಮ ಅಳತೆಯಲ್ಲಿ ತಮಗೆ ಸಂದೇಹವಿದ್ದರೆ ಈ ಪತ್ರ ತಲುಪಿದ ಏಳು ದಿನಗಳಲ್ಲಿ ಜಂಟಿ ಅಳತೆಗೆ ದಿನ ಗೊತ್ತುಪಡಿಸಿ. ನಾವು ತಪ್ಪದೆ ಬರುತ್ತೇವೆ, ನಮ್ಮ ಅಂಕಿ ತಪ್ಪಿದ್ದರೆ ಅಲ್ಲಿಯೇ ತಿದ್ದಿಕೊಳ್ಳುತ್ತೇವೆ.

ತಮ್ಮ ಸ್ವಾಧೀನ ಪತ್ರದ ನಮೂನೆಯ ನಾಲ್ಕನೇ ಅಂಶದಲ್ಲಿ, ಅಳತೆಯ ಬಗ್ಗೆ ತೃಪ್ತಿಯಿದೆ, ಮುಂದೆ ಯಾವ ತಕರಾರೂ ಇಲ್ಲ ಎಂಬ ವಾಕ್ಯವಿದೆ. ಆ ವಾಕ್ಯವಿರುವ ಕಾಗದಕ್ಕೆ ನಾವು ಸಹಿ ಹಾಕುವುದಿಲ್ಲ. ಸ್ವಾಧೀನಾನುಭವ ಪತ್ರ ದೊರೆತ ಎರಡು ತಿಂಗಳಲ್ಲಿ ಖರೀದಿದಾರರು ಸ್ವಾಧೀನ ಪಡೆಯಬೇಕೆಂಬ 19(10)ನೇ ಕಲಮಿನ ಹೊಣೆಯನ್ನು ನಾವು ಬಲ್ಲೆವು. 20-02-2025ರೊಳಗೆ ಕೀ ಪಡೆಯಲು ಸಿದ್ಧರಿದ್ದೇವೆ. ಅಷ್ಟರಲ್ಲಿ ಈ ವಿಷಯ ಇತ್ಯರ್ಥವಾಗದಿದ್ದರೆ, ಕೊರತೆಯ ಕುರಿತ ನಮ್ಮ ಹಕ್ಕನ್ನು ಉಳಿಸಿಕೊಂಡೇ ಸ್ವಾಧೀನ ಪಡೆಯುತ್ತಿದ್ದೇವೆಂದು ಅದೇ ಕಾಗದದಲ್ಲಿ ಬರೆದು ಸಹಿ ಮಾಡುತ್ತೇವೆ.

ಕೊನೆಯ ಕಂತಿನಲ್ಲಿಯೇ ಹೊಂದಾಣಿಕೆಯಾದರೆ, ಹಿಂದಿನ ಕಂತುಗಳಲ್ಲಿ ಹೆಚ್ಚಾಗಿ ಹೋದ ಹಣಕ್ಕೆ ನಾವು ಬಡ್ಡಿ ಕೇಳುವುದಿಲ್ಲ. ನಿರಾಕರಿಸಿದರೆ ಮಾತ್ರ ಕಾಯ್ದೆಯ 31ನೇ ಕಲಮಿನಡಿ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಿ, ಬೆಲೆ ಕಡಿತದ ಜೊತೆಗೆ ನಿಯಮದಂತೆ ಬಡ್ಡಿಯನ್ನೂ ಕೇಳಬೇಕಾಗುತ್ತದೆ. ನಿವೃತ್ತಿಯ ಹಣವನ್ನು ಇದಕ್ಕೆ ಹಾಕಿರುವ ನಮಗೆ ಮೂರು ಲಕ್ಷದ ಮೂವತ್ತಮೂರು ಸಾವಿರ ಸಣ್ಣ ಮೊತ್ತವಲ್ಲ. ತಮ್ಮ ಉತ್ತರವನ್ನು ಬರಹದಲ್ಲಿಯೇ ನಿರೀಕ್ಷಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಸದಾಶಿವ
ವಾರಿಜಾಕ್ಷಿ
ಫ್ಲಾಟ್ ಸಂಖ್ಯೆ 604ರ ಜಂಟಿ ಖರೀದಿದಾರರು